ಹಿಮೋಗ್ಲೋಬಿನ್ ಸರಿ ಇದ್ದರೂ ಕೈ ಜೋಮು ಹಿಡಿಯುವುದೇಕೆ?

ನಾನು ಶಿವಮೊಗ್ಗದಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ರಿಪೋರ್ಟ್ ತಗೊಳ್ಳಲು ಬರುವವರು ಕೌಂಟರಿನಲ್ಲೇ ಕವರ್ ಬಿಚ್ಚಿ, ಮೊದಲ ಸಾಲು ನೋಡಿ ಕೇಳುವ ಪ್ರಶ್ನೆ ಒಂದೇ. "ಹಿಮೋಗ್ಲೋಬಿನ್ ಚೆನ್ನಾಗಿದೆ. ಹಾಗಾದ್ರೆ ಎಂತ ತೊಂದರೆ ಇಲ್ಲ ಅಲ್ವಾ?" ಬಹಳ ಸಲ ನಿಜವಾಗಿಯೂ ತೊಂದರೆ ಇರುವುದಿಲ್ಲ. ಆದರೆ ಹುಟ್ಟಿದಾಗಿನಿಂದ ಸಸ್ಯಾಹಾರಿ ಆಗಿರುವವರು, ಅದರಲ್ಲೂ ವಯಸ್ಸು ಐವತ್ತು ದಾಟಿದವರು, ಕೈ ಜುಮುಗುಡುತ್ತದೆ ಎಂದು ಹೇಳಿಕೊಂಡು ಬಂದು ಈ ಪ್ರಶ್ನೆ ಕೇಳಿದಾಗ ನನಗೆ ಸಮಾಧಾನ ಆಗುವುದಿಲ್ಲ. ಬಿ12 ಎಂಬ ವಿಟಮಿನ್ ಕಡಿಮೆಯಾದಾಗ ರಕ್ತ ಮೊದಲು ಕೆಡಬೇಕು, ಆಮೇಲೆ ನರ ಕೆಡಬೇಕು ಎಂಬ ನಿಯಮವೇನೂ ಇಲ್ಲ. ಎಷ್ಟೋ ಜನರಲ್ಲಿ ರಕ್ತದ ಲೆಕ್ಕ ಸರಿಯಾಗಿಯೇ ಇರುತ್ತದೆ. ನರ ಮಾತ್ರ ಕೆಡುತ್ತಾ ಹೋಗುತ್ತದೆ.

ಇದನ್ನು ನಾನು ತೀರಾ ಹತ್ತಿರದಿಂದ ನೋಡಿದ್ದು ನಮ್ಮ ದೊಡ್ಡಮ್ಮನಲ್ಲಿ. ಅವರದ್ದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ಒಂದು ಒಂಟಿ ಮನೆ. ಸುತ್ತ ಅಡಿಕೆ ತೋಟ. ಆಗ ಅವರಿಗೆ ಅರವತ್ತೊಂದು ವರ್ಷ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. "ನಮ್ಮ ಊರಿನ ನಾಲ್ಕು ಜನ ಹೆಂಗಸರಿಗೆ ಗೊತ್ತಾಗ್ಲಿ, ಬರಿ" ಎಂದು ಅವರೇ ಹೇಳಿದರು.

ಶುರುವಾಗಿದ್ದು ಸುಸ್ತಿನಿಂದ. ಮೊದಲೆಲ್ಲ ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ಕೊಟ್ಟಿಗೆ ನೋಡಿ, ತಿಂಡಿ ಮಾಡಿ, ತೋಟಕ್ಕೊಂದು ಸುತ್ತು ಹೋಗಿ ಬರುತ್ತಿದ್ದವರು ತಿಂಡಿ ಆದ ಕೂಡಲೇ ಮಲಗಲು ಶುರು ಮಾಡಿದರು. ಸಕ್ಕರೆ ಕಾಯಿಲೆ ಇದೆ, ವಯಸ್ಸಾಯಿತು, ಸಹಜ ಎಂದುಕೊಂಡರು ಎಲ್ಲರೂ. ಆಮೇಲೆ ಅಡಿಕೆ ಸುಲಿಯುವ ಕಾಲ ಬಂತು. ಮೆಟ್ಟುಗತ್ತಿಯ ಮುಂದೆ ಕೂತರೆ ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಹಾಗೆ ಆಗುತ್ತಿತ್ತು. ಕಾಯಿ ಕೈಯಲ್ಲಿ ಇದೆಯೋ ಜಾರಿತೋ ಎಂದು ಕಣ್ಣಿಟ್ಟು ನೋಡಬೇಕಾಗುತ್ತಿತ್ತು. "ಸುಲಿದು ಸುಲಿದು ಕೈ ಹೀಂಗಾಯ್ತು ಕಣೇ" ಎಂದರು ನನ್ನ ಹತ್ತಿರ. ಕೇಳಿದವರಿಗೆ ನಂಬುವ ಹಾಗೇ ಇತ್ತು. ಕೈಗೆ ತುಂಬಾ ಕೆಲಸ ಕೊಟ್ಟಾಗ ಮಣಿಕಟ್ಟಿನಲ್ಲಿ ನರ ಒತ್ತಿ ಹಿಡಿದು ಜೋಮು ಬರುವುದು ನಿಜವಾಗಿ ಇರುವ ಕಾಯಿಲೆಯೇ.

ಆದರೆ ಮಣಿಕಟ್ಟಿನಲ್ಲಿ ನರ ಒತ್ತಿದರೆ ಅದಕ್ಕೊಂದು ಗಡಿ ಇರುತ್ತದೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಉಂಗುರ ಬೆರಳಿನ ಅರ್ಧ, ಅಷ್ಟಕ್ಕೆ ಜೋಮು. ಕಿರುಬೆರಳಿಗೆ ಬರುವುದಿಲ್ಲ. ರಾತ್ರಿ ಜಾಸ್ತಿಯಾಗಿ, ಕೈ ಕೊಡವಿದರೆ ಸ್ವಲ್ಪ ಕಡಿಮೆಯಾಗುತ್ತದೆ. ದೊಡ್ಡಮ್ಮನಿಗೆ ಐದೂ ಬೆರಳು, ಎರಡೂ ಕೈ, ಹಗಲೂ ರಾತ್ರಿಯೂ. ಸುಲಿಗೆ ಮುಗಿದ ಮೇಲೂ ಹೋಗಲಿಲ್ಲ. ಜೊತೆಗೆ ಪಾದದಲ್ಲೂ ಶುರುವಾಗಿತ್ತು. ಹವಾಯಿ ಚಪ್ಪಲಿ ಕಾಲಿನಿಂದ ಕಳಚಿ ಹೋದರೂ ತಿಳಿಯದೆ ನಾಲ್ಕು ಹೆಜ್ಜೆ ಬರಿಗಾಲಿನಲ್ಲಿ ಹೋಗಿರುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ನರ ಸೋತರೆ ಅದು ಸಾಮಾನ್ಯವಾಗಿ ಪಾದದಲ್ಲಿ ಶುರುವಾಗಿ, ನಿಧಾನವಾಗಿ ಮೊಣಕಾಲಿನ ತನಕ ಏರಿ, ಆಮೇಲೆ ಕೈಗೆ ಬರುತ್ತದೆ. ಕೈ ಮತ್ತು ಕಾಲು ಹೆಚ್ಚು ಕಡಿಮೆ ಒಟ್ಟಿಗೇ ಜುಮುಗುಡಲು ಶುರುವಾದರೆ, ಅಥವಾ ಕೈಯೇ ಮೊದಲಾದರೆ, ಬಿ12 ಕಡೆಗೆ ನೋಡಬೇಕು.

ಇದರ ನಡುವೆ ಮರೆವು. ಅದನ್ನು ಮನೆಯವರು ಮೊದಲು ಗಮನಿಸಲೇ ಇಲ್ಲ, ಏಕೆಂದರೆ ದೊಡ್ಡಮ್ಮ ಯಾರನ್ನೂ ಗುರುತು ತಪ್ಪಲಿಲ್ಲ, ದಾರಿ ತಪ್ಪಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡು ಸಲ ಹಾಕುತ್ತಿದ್ದರು. ಕೂಲಿ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದವರು ಪುಸ್ತಕ ತೆರೆದು ಕೂರುತ್ತಿದ್ದರು. ಏನಾದರೂ ಕೇಳಿದರೆ ಉತ್ತರ ಬರುತ್ತಿತ್ತು, ಆದರೆ ತಡವಾಗಿ. ಸಣ್ಣದಕ್ಕೆ ಸಿಟ್ಟು, ಸುಮ್ನೆ ಅಳು. "ಅಮ್ಮಂಗೆ ಅರಳುಮರಳು ಶುರುವಾಯ್ತು" ಎಂದು ಮಗ ನಗುತ್ತಾ ಹೇಳಿದ ದಿನ ದೊಡ್ಡಮ್ಮ ಊಟ ಬಿಟ್ಟರಂತೆ. ಬಿ12 ಕೊರತೆಯ ಮರೆವು ಬಹುಪಾಲು ಹೀಗೇ ಇರುತ್ತದೆ. ಹಳೆಯದು ಅಳಿಸಿ ಹೋಗುವುದಕ್ಕಿಂತ ಯೋಚನೆಯೇ ನಿಧಾನವಾಗುವುದು, ಗಮನ ನಿಲ್ಲದಿರುವುದು, ಮನಸ್ಸು ಮಂಕಾಗುವುದು ಎದ್ದು ಕಾಣುತ್ತದೆ. ಮನೆಮದ್ದಾಗಿ ಸೊಸೆ ದಿನಾ ಒಂದೆಲಗದ ತಂಬುಳಿ ಮಾಡಿದಳು. ತಂಬುಳಿ ಒಳ್ಳೆಯದೇ, ನನಗೂ ಇಷ್ಟ. ಆದರೆ ಒಂದೆಲಗದಲ್ಲಿ ಬಿ12 ಇಲ್ಲ. ಯಾವ ಸೊಪ್ಪಿನಲ್ಲೂ ಇಲ್ಲ.

ಇಲ್ಲಿಂದ ಮುಂದೆ ನಡೆದದ್ದು ಈ ಕಾಯಿಲೆಯ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ. ಒಂದು ಕಡೆ ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 10.8 ಬಂತು. ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಮಾತ್ರೆ, ಜೊತೆಗೆ 5 ಮಿಲಿಗ್ರಾಂ ಫೋಲಿಕ್ ಆಸಿಡ್ ಮಾತ್ರೆ ಕೊಟ್ಟರು. ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ 11.9ಕ್ಕೆ ಏರಿತು. ಎಲ್ಲರಿಗೂ ಸಂತೋಷ. ಆದರೆ ಅದೇ ಮೂರು ತಿಂಗಳಲ್ಲಿ ಜೋಮು ಜಾಸ್ತಿಯಾಗಿ, ಬಚ್ಚಲಲ್ಲಿ ಕಣ್ಣು ಮುಚ್ಚಿ ಮುಖ ತೊಳೆಯುವಾಗ ದೊಡ್ಡಮ್ಮ ಮುಂದಕ್ಕೆ ವಾಲಿ ಹಂಡೆಯ ಅಂಚು ಹಿಡಿದುಕೊಂಡರು. ರಕ್ತ ಸುಧಾರಿಸುತ್ತಿದೆ, ಮನುಷ್ಯ ಕೆಡುತ್ತಿದ್ದಾರೆ. ಇದು ಹೇಗೆ?

ಬಿ12ಗೆ ನಮ್ಮ ದೇಹದಲ್ಲಿ ಎರಡು ಕೆಲಸ. ಒಂದು ಕೆಲಸದಲ್ಲಿ ಅದಕ್ಕೆ ಫೋಲೇಟ್ ಎಂಬ ಇನ್ನೊಂದು ವಿಟಮಿನ್ ಜೊತೆಗಾರ. ಎರಡೂ ಸೇರಿ ಹೊಸ ಜೀವಕೋಶ ಹುಟ್ಟಲು ಬೇಕಾದ ಡಿಎನ್‌ಎ ತಯಾರಿಗೆ ನೆರವಾಗುತ್ತವೆ. ಮೂಳೆಯ ಮಜ್ಜೆಯಲ್ಲಿ ದಿನವೂ ಲೆಕ್ಕವಿಲ್ಲದಷ್ಟು ರಕ್ತಕಣ ಹುಟ್ಟಬೇಕು, ಹಾಗಾಗಿ ಇಲ್ಲಿ ಕೊರತೆಯಾದರೆ ರಕ್ತಹೀನತೆ ಬರುತ್ತದೆ. ಆದರೆ ಫೋಲೇಟಿನ ಮಾತ್ರೆ ರೂಪವಾದ ಫೋಲಿಕ್ ಆಸಿಡ್ ತುಂಬಾ ಸಿಕ್ಕಿದರೆ ಬಿ12 ಇಲ್ಲದೆಯೂ ಈ ಕೆಲಸ ಒಂದಷ್ಟು ಸಾಗುತ್ತದೆ. ಇನ್ನೊಂದು ಕೆಲಸದಲ್ಲಿ ಫೋಲೇಟ್‌ಗೆ ಪಾತ್ರವೇ ಇಲ್ಲ. ಬಿ12 ಇಲ್ಲದಿದ್ದರೆ ಮೀಥೈಲ್‌ಮಲೋನಿಕ್ ಆಸಿಡ್ ಎಂಬ ವಸ್ತು ರಕ್ತದಲ್ಲಿ ಸೇರುತ್ತಾ ಹೋಗುತ್ತದೆ, ಅದನ್ನು ಫೋಲಿಕ್ ಆಸಿಡ್ ಎಷ್ಟು ಕೊಟ್ಟರೂ ತಡೆಯಲಾಗದು. ನರದ ಸುತ್ತ ಮಯಲಿನ್ ಎಂಬ ಕೊಬ್ಬಿನ ಪದರ ಇರುತ್ತದೆ, ಕರೆಂಟ್ ವೈರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಹಾಗೆ. ಬಿ12 ಕೊರತೆಯಲ್ಲಿ ಈ ಪದರ ಹಾಳಾಗುತ್ತದೆ. ಸಂದೇಶ ನಿಧಾನವಾಗುತ್ತದೆ, ಅಡ್ಡಾದಿಡ್ಡಿ ಹೋಗುತ್ತದೆ. ಅದೇ ಜುಮುಜುಮು, ಅದೇ ಮರಗಟ್ಟುವಿಕೆ.

ವೈದ್ಯಕೀಯಕ್ಕೆ ಈ ಪಾಠ ಕಷ್ಟಪಟ್ಟು ಸಿಕ್ಕಿದ್ದು. 1926ರಲ್ಲಿ ಅಮೆರಿಕದ ಮೈನಾಟ್ ಮತ್ತು ಮರ್ಫಿ ಎಂಬ ವೈದ್ಯರು, ಆಗ ಸಾವೇ ಗತಿ ಎನ್ನುತ್ತಿದ್ದ ಒಂದು ಬಗೆಯ ರಕ್ತಹೀನತೆಗೆ ದಿನಾ ಪ್ರಾಣಿಯ ಯಕೃತ್ತು ತಿನ್ನಿಸಿ ಗುಣಪಡಿಸಿದರು. ಅತ್ತ ಮುಂಬೈಯಲ್ಲಿ 1928ರಿಂದ ಲೂಸಿ ವಿಲ್ಸ್ ಎಂಬ ವೈದ್ಯೆ ಬಸುರಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡುತ್ತಾ, ಯೀಸ್ಟ್ ಸಾರ ಕೊಟ್ಟರೆ ಅದು ವಾಸಿಯಾಗುವುದನ್ನು ಕಂಡುಕೊಂಡರು. ಆ ಯೀಸ್ಟಿನಲ್ಲಿದ್ದದ್ದು ಫೋಲೇಟ್. 1940ರ ದಶಕದಲ್ಲಿ ಫೋಲಿಕ್ ಆಸಿಡ್ ಕಾರ್ಖಾನೆಯಲ್ಲಿ ತಯಾರಾದಾಗ, ಯಕೃತ್ತು ಬೇಕಾಗಿದ್ದ ರೋಗಿಗಳಿಗೂ ಅದನ್ನೇ ಕೊಟ್ಟು ನೋಡಿದರು. ರಕ್ತ ಚೆನ್ನಾಗಿ ಏರಿತು. ನರದ ತೊಂದರೆ ಮಾತ್ರ ನಿಲ್ಲಲಿಲ್ಲ, ಕೆಲವರಲ್ಲಿ ಬೇಗ ಬೇಗ ಹೆಚ್ಚಿತು. 1948ರಲ್ಲಿ ಯಕೃತ್ತಿನಿಂದ ಕೆಂಪು ಹರಳಾಗಿ ಬಿ12 ಬೇರ್ಪಟ್ಟ ಮೇಲೆಯೇ ಎರಡರ ವ್ಯತ್ಯಾಸ ಸ್ಪಷ್ಟವಾದದ್ದು.

ನಮ್ಮ ಮಲೆನಾಡಿನ ಅಡುಗೆಯಲ್ಲಿ ಸೊಪ್ಪಿಗೆ ಬರವಿಲ್ಲ. ಬಸಳೆ, ಹರಿವೆ, ಕೆಸುವು, ಚಗಟೆ, ಒಂದೆಲಗ. ಬೇಳೆಕಾಳು ಇದ್ದೇ ಇದೆ. ಅಂದರೆ ಫೋಲೇಟ್ ಚೆನ್ನಾಗಿ ಸಿಗುತ್ತದೆ. ಇಂಥ ಊಟ ಮಾಡುವವರಲ್ಲಿ ಬಿ12 ಕಡಿಮೆಯಾದರೂ ರಕ್ತ ಒಂದಷ್ಟು ಕಾಲ ಸುಧಾರಿಸಿಕೊಂಡು ಹೋಗಬಹುದು. ಇದರ ಜೊತೆಗೆ ಇನ್ನೊಂದು ಮರೆ ಇದೆ. ಬಿ12 ಕೊರತೆಯಲ್ಲಿ ಕೆಂಪು ರಕ್ತಕಣ ದೊಡ್ಡದಾಗಬೇಕು. ರಿಪೋರ್ಟಿನಲ್ಲಿ ಎಂಸಿವಿ ಎಂಬ ಸಾಲು ಹೇಳುವುದು ಕಣದ ಗಾತ್ರವನ್ನೇ. ನೂರು ದಾಟಿದರೆ ವೈದ್ಯರಿಗೆ ಸಂಶಯ ಬರುತ್ತದೆ. ಆದರೆ ಕಬ್ಬಿಣದ ಕೊರತೆಯಲ್ಲಿ ಕಣ ಚಿಕ್ಕದಾಗುತ್ತದೆ. ನಮ್ಮ ಹೆಂಗಸರಲ್ಲಿ ಎರಡೂ ಕೊರತೆ ಒಟ್ಟಿಗೇ ಇರುವುದು ಸಾಮಾನ್ಯ. ದೊಡ್ಡ ಕಣ, ಚಿಕ್ಕ ಕಣ ಸೇರಿ ಸರಾಸರಿ ತೆಗೆದರೆ ಬರುವ ಸಂಖ್ಯೆ ಅಚ್ಚುಕಟ್ಟಾಗಿ ಮಧ್ಯದಲ್ಲಿ ನಿಲ್ಲುತ್ತದೆ. ದೊಡ್ಡಮ್ಮನ ಎಂಸಿವಿ 91. ಯಂತ್ರ ಅದರ ಮುಂದೆ ಯಾವ ಗುರುತನ್ನೂ ಹಾಕಿರಲಿಲ್ಲ.

ಶಿವಮೊಗ್ಗಕ್ಕೆ ಕರೆಸಿ ಒಬ್ಬ ಫಿಸಿಶಿಯನ್ ಹತ್ತಿರ ತೋರಿಸಿದೆವು. ಅವರು ರಿಪೋರ್ಟ್ ಪಕ್ಕಕ್ಕಿಟ್ಟು ಮೊದಲು ಊಟ, ಮಾತ್ರೆ ಎರಡನ್ನೂ ವಿಚಾರಿಸಿದರು. ಆಮೇಲೆ ಟ್ಯೂನಿಂಗ್ ಫೋರ್ಕ್ ಬಡಿದು ದೊಡ್ಡಮ್ಮನ ಕಾಲಿನ ಹೆಬ್ಬೆರಳ ಮೂಳೆಯ ಮೇಲೆ ಇಟ್ಟರು. "ನಡುಗುತ್ತಾ ಇದ್ಯಾ ಅಮ್ಮಾ?" "ತಣ್ಣಗೆ ಉಂಟು, ನಡುಕ ಎಂತ ಇಲ್ಲ." ಕಣಕಾಲಿನಲ್ಲೂ ಇಲ್ಲ. ಮೊಣಕಾಲಿನ ಮೇಲೆ ಇಟ್ಟಾಗ ತಿಳಿಯಿತು. ಕಣ್ಣು ಮುಚ್ಚಿಸಿ ಹೆಬ್ಬೆರಳನ್ನು ಮೇಲೆ, ಕೆಳಗೆ ಅಲ್ಲಾಡಿಸಿ ಯಾವ ಕಡೆ ಎಂದು ಕೇಳಿದರು. ಅರ್ಧಕ್ಕರ್ಧ ತಪ್ಪು. ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದರು, ವಾಲಿದರು. ಬಚ್ಚಲಲ್ಲಿ ಆಗಿದ್ದು ಇದೇ. ಕಾಲು ಎಲ್ಲಿದೆ ಎಂಬ ಸುದ್ದಿ ಬೆನ್ನುಹುರಿಯ ಹಿಂಭಾಗದಲ್ಲಿ ಮೆದುಳಿಗೆ ಹೋಗುತ್ತದೆ. ಬಿ12 ಕೊರತೆ ಆ ದಾರಿಯನ್ನೇ ಹಿಡಿದು ಕೆಡಿಸುತ್ತದೆ. ಕಣ್ಣು ತೆರೆದಿರುವಾಗ ಕಣ್ಣೇ ಆ ಕೆಲಸ ಮಾಡುತ್ತದೆ, ಆದ್ದರಿಂದ ಬೆಳಕಿನಲ್ಲಿ ನಡೆಯುವಾಗ ಯಾರಿಗೂ ತಿಳಿಯುವುದಿಲ್ಲ. ಕತ್ತಲಲ್ಲಿ ಅಂಗಳಕ್ಕೆ ಇಳಿಯುವಾಗ ತಿಳಿಯುತ್ತದೆ.

ಅವರು ಇನ್ನೂ ಎರಡು ಕಡೆ ನೋಡಿದರು. ನಾಲಿಗೆ ನುಣುಪಾಗಿ ಕೆಂಪಗಿತ್ತು, ಖಾರ ತಿಂದರೆ ಉರಿ ಎಂದು ದೊಡ್ಡಮ್ಮ ಆಗ ಹೇಳಿದರು. ಬೆರಳ ಗೆಣ್ಣುಗಳ ಮೇಲೆ ಚರ್ಮ ಕಪ್ಪಾಗಿತ್ತು. ಅಡಿಕೆಯ ಕರೆ ಎಂದೇ ಎಲ್ಲರೂ ತಿಳಿದಿದ್ದೆವು. ಅಡಿಕೆಯ ಕಲೆ ಅಂಗೈಗೂ ಬೆರಳ ತುದಿಗೂ ಹಿಡಿಯುತ್ತದೆ, ತಿಂಗಳೊಪ್ಪತ್ತಿನಲ್ಲಿ ಹೋಗುತ್ತದೆ. ಇದು ಗೆಣ್ಣಿನ ಹೊರಮೈಯಲ್ಲಿತ್ತು, ಹೋಗಿರಲಿಲ್ಲ.

ಆ ದಿನ ತೆಗೆದ ರಕ್ತದ ಸ್ಲೈಡನ್ನು ನಾನೇ ಮೈಕ್ರೋಸ್ಕೋಪಿನಡಿ ನೋಡಿದೆ. ಸಣ್ಣ ಮಸುಕು ಕಣಗಳ ನಡುವೆ ದೊಡ್ಡ ಮೊಟ್ಟೆಯಾಕಾರದ ಕಣಗಳು. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣದ ನ್ಯೂಕ್ಲಿಯಸ್ ಸಾಮಾನ್ಯವಾಗಿ ಮೂರು ನಾಲ್ಕು ತುಂಡುಗಳಾಗಿರುತ್ತದೆ. ಇಲ್ಲಿ ಐದು, ಆರು ತುಂಡು ಇರುವಂಥವು ಸುಲಭವಾಗಿ ಸಿಕ್ಕಿದವು. ಯಂತ್ರದ ಲೆಕ್ಕ ಹೇಳದ್ದನ್ನು ಒಂದು ಗಾಜಿನ ತುಂಡು ಹೇಳಿತ್ತು. ಅದಕ್ಕೇ ನಾನು ಸಂಶಯ ಇದ್ದಾಗ ಪೆರಿಫೆರಲ್ ಸ್ಮಿಯರ್ ಎಂಬ ಈ ಸ್ಲೈಡ್ ಪರೀಕ್ಷೆ ಬರೆಸಿಕೊಳ್ಳಿ ಎಂದು ಹೇಳುವುದು. ಖರ್ಚು ಹೆಚ್ಚಿಲ್ಲ, ಕಣ್ಣಿಟ್ಟು ನೋಡುವವರು ಬೇಕು ಅಷ್ಟೇ.

ಬಿ12 ಮಟ್ಟ 118 ಪಿಕೋಗ್ರಾಂ ಬಂತು. ಬಹುಪಾಲು ಲ್ಯಾಬ್‌ಗಳು ಒಂದು ಮಿಲಿಲೀಟರಿಗೆ 200ಕ್ಕಿಂತ ಕಡಿಮೆ ಇದ್ದರೆ ಕೊರತೆ ಎನ್ನುತ್ತವೆ. 200ರಿಂದ 300ರ ನಡುವೆ ಬಂದರೆ ಅದು ಅನುಮಾನದ ಜಾಗ. ಅಲ್ಲಿ ಸಂಖ್ಯೆ ನೋಡಿ ಸುಮ್ಮನಾಗಬಾರದು, ಏಕೆಂದರೆ ರಕ್ತದಲ್ಲಿ ಓಡಾಡುವ ಬಿ12ರಲ್ಲಿ ಹೆಚ್ಚಿನ ಪಾಲು ಜೀವಕೋಶಕ್ಕೆ ಸಿಗದ ರೂಪದಲ್ಲೇ ಇರುತ್ತದೆ. ಜೀವಕೋಶದೊಳಗೆ ನಿಜವಾಗಿ ಕೊರತೆ ಇದೆಯೇ ಎಂದು ತಿಳಿಯಲು ಹೋಮೋಸಿಸ್ಟೀನ್ ಅಥವಾ ಮೀಥೈಲ್‌ಮಲೋನಿಕ್ ಆಸಿಡ್ ಅಳೆಯುತ್ತಾರೆ. ಬಿ12 ಕೆಲಸ ಮಾಡದಿದ್ದರೆ ಇವು ಏರುತ್ತವೆ. ದೊಡ್ಡಮ್ಮನ ಹೋಮೋಸಿಸ್ಟೀನ್ 41 ಇತ್ತು, ಸಾಮಾನ್ಯವಾಗಿ 15ರ ಒಳಗಿರಬೇಕು. ಫೋಲೇಟ್ ಕೊರತೆಯಲ್ಲೂ, ಮೂತ್ರಪಿಂಡ ಸೋತಾಗಲೂ ಹೋಮೋಸಿಸ್ಟೀನ್ ಏರಬಹುದು. ಆದ್ದರಿಂದ ಇದನ್ನೊಂದನ್ನೇ ನಂಬಬಾರದು. ಥೈರಾಯ್ಡ್ ನೋಡಿದರು, ಸರಿ ಇತ್ತು. ಸಕ್ಕರೆಯೂ ಹತೋಟಿಯಲ್ಲಿತ್ತು.

ಈ ಪರೀಕ್ಷೆಗೆ ಬರುವ ಮೊದಲೇ ಮೆಡಿಕಲ್ ಶಾಪಿನಲ್ಲಿ ಕೇಳಿ "ನರದ ಮಾತ್ರೆ" ತಿಂದು ಬರುವವರು ಬಹಳ. ಆ ಮಾತ್ರೆಗಳಲ್ಲಿ ಬಹುಪಾಲು ಬಿ12 ಇರುತ್ತದೆ. ಕೆಲವು ವಾರ ತಿಂದರೂ ರಕ್ತದಲ್ಲಿ ಸಂಖ್ಯೆ ಏರಿಬಿಡುತ್ತದೆ, ನರ ಮಾತ್ರ ಇದ್ದಲ್ಲೇ ಇರುತ್ತದೆ. ರಿಪೋರ್ಟ್ ನಾರ್ಮಲ್ ಎಂದು ವೈದ್ಯರು ಬೇರೆ ಕಾಯಿಲೆ ಹುಡುಕಲು ಹೊರಡುತ್ತಾರೆ. ದಯವಿಟ್ಟು ರಕ್ತ ಕೊಟ್ಟ ಮೇಲೆ ಮಾತ್ರೆ ಶುರು ಮಾಡಿ. ಈಗಾಗಲೇ ತಿಂದಿದ್ದರೆ ಲ್ಯಾಬಿನಲ್ಲೂ ವೈದ್ಯರಿಗೂ ಹೇಳಿ. ಆದರೆ ನಡಿಗೆ ವಾಲುವಂಥ ಲಕ್ಷಣ ಇದ್ದರೆ ರಿಪೋರ್ಟ್ ಬರುವ ತನಕ ಚಿಕಿತ್ಸೆ ತಡೆಯುವುದು ಬೇಡ. ರಕ್ತ ತೆಗೆದ ಕೂಡಲೇ ಮೊದಲ ಇಂಜೆಕ್ಷನ್ ಕೊಡಬಹುದು. ದೊಡ್ಡಮ್ಮನಿಗೂ ಹಾಗೇ ಮಾಡಿದರು.

ಜೀವನವಿಡೀ ಇದೇ ಊಟ ಮಾಡಿದವರಿಗೆ ಅರವತ್ತರಲ್ಲಿ ಏಕೆ ಬಂತು ಎಂದು ದೊಡ್ಡಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆ. ಬಿ12 ಅನ್ನು ಗಿಡವೂ ಮಾಡುವುದಿಲ್ಲ, ಪ್ರಾಣಿಯೂ ಮಾಡುವುದಿಲ್ಲ. ಮಾಡುವುದು ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳು. ಹಸುವಿನ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ ಮಾಡಿದ್ದು ಹಾಲಿಗೆ ಬರುತ್ತದೆ, ಹಾಲಿನಿಂದ ನಮಗೆ. ನೂರು ಮಿಲಿ ಹಾಲಿನಲ್ಲಿ ಅರ್ಧ ಮೈಕ್ರೋಗ್ರಾಂಗಿಂತ ಸ್ವಲ್ಪ ಕಡಿಮೆ. ದೊಡ್ಡವರಿಗೆ ದಿನಕ್ಕೆ ಬೇಕಾಗಿರುವುದು ಎರಡರಿಂದ ಎರಡೂವರೆ ಮೈಕ್ರೋಗ್ರಾಂ. ಅಂದರೆ ಅರ್ಧ ಲೀಟರ್ ಹಾಲಿನ ಲೆಕ್ಕ. ದೊಡ್ಡಮ್ಮನ ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ಹಸುಗಳಿದ್ದಾಗ ಹಾಲು, ಮೊಸರು ಮನೆತುಂಬ ಇರುತ್ತಿತ್ತು. ಮೊಣಕಾಲು ನೋವು ಎಂದು ಹಸು ಕೊಟ್ಟ ಮೇಲೆ ಪ್ಯಾಕೆಟ್ ಹಾಲು. ಅದೂ ಸಕ್ಕರೆ ಕಾಯಿಲೆ ಎಂದು ಎರಡು ಲೋಟ ಚಹಾಕ್ಕೆ ಬೇಕಾದಷ್ಟು. ಊಟಕ್ಕೆ ನೀರು ಮಜ್ಜಿಗೆ. ನಾನು ಕೂತು ಲೆಕ್ಕ ಹಾಕಿದೆ. ಚಹಾಕ್ಕೆ ನೂರು ಮಿಲಿ ಹಾಲು, ಮಜ್ಜಿಗೆಯಲ್ಲಿ ಇನ್ನೊಂದು ನೂರು ಮಿಲಿಯಷ್ಟು ಮೊಸರು. ಎಲ್ಲ ಸೇರಿ ಒಂದು ಮೈಕ್ರೋಗ್ರಾಂ ಕೂಡ ಮುಟ್ಟಲಿಲ್ಲ. ಹಾಲು ಕುದಿಸುವಾಗ ಹೋಗುವುದು ಬೇರೆ. ದೋಸೆ ಹಿಟ್ಟು ಹುದುಗಿದರೆ ಬಿ12 ಬರುತ್ತದೆ ಎನ್ನುತ್ತಾರೆ, ಅದನ್ನು ನಂಬಿ ಕೂರುವಷ್ಟು ಸಿಗುವುದಿಲ್ಲ. ಸ್ಪಿರುಲಿನಾ ಪುಡಿಯಲ್ಲಿರುವುದು ಹೆಚ್ಚಾಗಿ ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ, ಬಿ12ನ್ನು ಹೋಲುವ ಬೇರೆ ವಸ್ತು. ಬಲವರ್ಧಿತ ರೇಷನ್ ಅಕ್ಕಿಗೆ ಬಿ12 ಸೇರಿಸುತ್ತಾರೆ, ಆದರೆ ಕೆಜಿಗೆ ಸುಮಾರು ಒಂದು ಮೈಕ್ರೋಗ್ರಾಂ ಮಾತ್ರ. ಅದೂ ಪ್ಲಾಸ್ಟಿಕ್ ಅಕ್ಕಿ ಎಂದು ಆರಿಸಿ ಎಸೆಯುವವರಿದ್ದಾರೆ. ಅದು ಪ್ಲಾಸ್ಟಿಕ್ ಅಲ್ಲ, ಎಸೆಯಬೇಡಿ.

ಹಾಗಂತ ಊಟವೊಂದೇ ಕಾರಣವೂ ಅಲ್ಲ. ಆಹಾರದಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಹೊಟ್ಟೆಯ ಆಮ್ಲ ಅದನ್ನು ಬಿಡಿಸಬೇಕು. ಆಮೇಲೆ ಜಠರದಲ್ಲೇ ಹುಟ್ಟುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನ್ ಅದನ್ನು ಹಿಡಿದು, ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಒಳಗೆ ಬಿಡಬೇಕು. ದೊಡ್ಡಮ್ಮ ಆರು ವರ್ಷದಿಂದ ಸಕ್ಕರೆಗೆ ಮೆಟ್‌ಫಾರ್ಮಿನ್ ತಿನ್ನುತ್ತಿದ್ದರು. ಅದು ಕರುಳಿನಲ್ಲಿ ಬಿ12 ಸೇರುವುದನ್ನು ಕಡಿಮೆ ಮಾಡುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಗ್ಯಾಸ್ಟ್ರಿಕ್ ಎಂದು ಪ್ಯಾಂಟೋಪ್ರಜೋಲ್. ಅದು ಆಮ್ಲವನ್ನೇ ತಗ್ಗಿಸುತ್ತದೆ. ವಯಸ್ಸಾದಂತೆ ಆಮ್ಲ ತಾನಾಗಿಯೂ ಕಡಿಮೆಯಾಗುವುದುಂಟು. ಮೊದಲೇ ಕಡಿಮೆ ಬರುತ್ತಿದ್ದದ್ದು, ಬಂದದ್ದೂ ಒಳಗೆ ಸೇರುತ್ತಿಲ್ಲ. ಯಕೃತ್ತಿನಲ್ಲಿ ಕೂಡಿಟ್ಟ ಬಿ12 ವರ್ಷಗಟ್ಟಲೆ ಬರುತ್ತದೆ, ಆದ್ದರಿಂದಲೇ ಹಸು ಮಾರಿದ್ದಕ್ಕೂ ಕೈ ಜೋಮಿಗೂ ಸಂಬಂಧ ಯಾರಿಗೂ ಹೊಳೆಯಲಿಲ್ಲ. ಮೆಟ್‌ಫಾರ್ಮಿನ್ ಒಳ್ಳೆಯ ಔಷಧ, ಇದನ್ನು ಓದಿ ಯಾರೂ ನಿಲ್ಲಿಸಬೇಡಿ. ಅದನ್ನು ತಿನ್ನುವ ಸಸ್ಯಾಹಾರಿಗಳು ಆಗಾಗ ಬಿ12 ನೋಡಿಸಿಕೊಳ್ಳಬೇಕು, ಅಷ್ಟೇ. ಗ್ಯಾಸ್ ಮಾತ್ರೆ ಮಾತ್ರ ವೈದ್ಯರನ್ನು ಕೇಳಿ ದೊಡ್ಡಮ್ಮ ಬಿಟ್ಟರು. ಅದು ಎಂದೋ ಹದಿನಾಲ್ಕು ದಿನಕ್ಕೆ ಬರೆದುಕೊಟ್ಟಿದ್ದು, ಚೀಟಿ ತೋರಿಸಿ ತೋರಿಸಿ ವರ್ಷಗಟ್ಟಲೆ ಮುಂದುವರಿದಿತ್ತು.

ಕೆಲವರಲ್ಲಿ ದೇಹವೇ ಇಂಟ್ರಿನ್ಸಿಕ್ ಫ್ಯಾಕ್ಟರಿನ ವಿರುದ್ಧ ತಿರುಗಿ ಬೀಳುತ್ತದೆ. ಅವರು ಎಷ್ಟು ಹಾಲು ಕುಡಿದರೂ ಆಗದು, ಚಿಕಿತ್ಸೆ ಜೀವನಪರ್ಯಂತ ಬೇಕು. ಥೈರಾಯ್ಡ್ ಅಥವಾ ತೊನ್ನು ಇರುವ ಮನೆತನಗಳಲ್ಲಿ ಇದು ಸ್ವಲ್ಪ ಹೆಚ್ಚು. ಸಸ್ಯಾಹಾರಿ ಎಂದ ಮಾತ್ರಕ್ಕೆ ಕಾರಣ ಸಿಕ್ಕಿಬಿಟ್ಟಿತು ಎಂದುಕೊಂಡು ಇದನ್ನು ಮರೆಯಬಾರದು. ದೊಡ್ಡಮ್ಮನಿಗೆ ಅದರ ಪರೀಕ್ಷೆಯನ್ನೂ ಮಾಡಿದರು, ಇರಲಿಲ್ಲ.

ಚಿಕಿತ್ಸೆ ಸರಳ. ಒಂದು ಸಾವಿರ ಮೈಕ್ರೋಗ್ರಾಂ ಇಂಜೆಕ್ಷನ್, ಮಾಂಸಖಂಡಕ್ಕೆ. ಎರಡು ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ಡೋಸನ್ನು ವೈದ್ಯರು ಲಕ್ಷಣ ನೋಡಿ ಹೆಚ್ಚು ಕಡಿಮೆ ಮಾಡುತ್ತಾರೆ. ದೊಡ್ಡಮ್ಮನ ಮೊದಲ ಪ್ರಶ್ನೆ ಬೇರೆಯೇ ಇತ್ತು. "ಇದು ಯಾವ ಪ್ರಾಣಿದು ಮಾರಾಯ್ತಿ?" ನಗುವ ಪ್ರಶ್ನೆ ಅಲ್ಲ ಅದು. ಅವರಿಗೆ ಅದು ಅರವತ್ತು ವರ್ಷ ನಡೆಸಿಕೊಂಡು ಬಂದ ವ್ರತ. ಯಾವ ಪ್ರಾಣಿಯದ್ದೂ ಅಲ್ಲ, ಕಾರ್ಖಾನೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಮಾಡುತ್ತಾರೆ ಎಂದು ವಿವರಿಸಿದೆ. ಮಾತ್ರೆಗೆ ಬದಲಾಯಿಸುವಾಗ ಜೆಲಾಟಿನ್ ಕ್ಯಾಪ್ಸೂಲ್ ಬೇಡ, ಗಟ್ಟಿ ಮಾತ್ರೆ ಕೊಡಿ ಎಂದು ಕೇಳಬಹುದು ಎಂದೂ ಹೇಳಿದೆ. ಜೆಲಾಟಿನ್ ಪ್ರಾಣಿಯದ್ದು. ಇದನ್ನು ಮೊದಲೇ ಹೇಳದಿದ್ದರೆ ಎಷ್ಟೋ ಹಿರಿಯರು ಮಾತ್ರೆಯನ್ನು ಡಬ್ಬಿಯಲ್ಲೇ ಇಟ್ಟುಬಿಡುತ್ತಾರೆ.

ಮೊದಲ ವಾರದಲ್ಲೇ ಹಸಿವು ಬಂತು, ಹಗಲು ಮಲಗುವುದು ನಿಂತಿತು. ಎರಡನೇ ವಾರ ಫೋನ್ ಬಂತು. "ಜುಮುಜುಮು ಜಾಸ್ತಿ ಆಯ್ತು ಕಣೇ. ಈ ಇಂಜೆಕ್ಷನ್ ಆಗಿ ಬರೂದಿಲ್ಲ ನಂಗೆ." ನರ ಚೇತರಿಸಿಕೊಳ್ಳುವಾಗ ಕೆಲವರಿಗೆ ಹೀಗಾಗುತ್ತದೆ, ಕೆಲವು ವಾರದಲ್ಲಿ ಇಳಿಯುತ್ತದೆ. ವೈದ್ಯರನ್ನು ಕೇಳಿ, ಮುಂದುವರಿಸಿ ಎಂದೆ. ಹತ್ತಿರದ ಆರೋಗ್ಯ ಕೇಂದ್ರದ ನರ್ಸ್ ಮಳೆಗಾಲದಲ್ಲೂ ತಪ್ಪದೆ ಚುಚ್ಚಿಕೊಟ್ಟರು. ಅವರ ಋಣ ದೊಡ್ಡದು. ಮೂರು ತಿಂಗಳಿಗೆ ಬೆರಳ ತುದಿಯ ಚುಚ್ಚು ಬಹುಪಾಲು ಹೋಯಿತು. ಹೋಮೋಸಿಸ್ಟೀನ್ 13ಕ್ಕೆ ಇಳಿದಿತ್ತು. ಇಂಜೆಕ್ಷನ್ ನಡೆಯುವಾಗ ಬಿ12 ಮಟ್ಟವನ್ನು ಮತ್ತೆ ಅಳೆಯುವುದರಿಂದ ಉಪಯೋಗ ಇಲ್ಲ, ಅದು ಹೇಗೂ ಮೇಲೇ ಇರುತ್ತದೆ. ಚೇತರಿಕೆಯನ್ನು ಅಳೆಯಬೇಕಾದದ್ದು ಕೈಕಾಲಿನಲ್ಲಿ.

ಮರೆವು ನಿಧಾನಕ್ಕೆ ಸರಿಹೋಯಿತು. ಕೂಲಿ ಲೆಕ್ಕ ಮತ್ತೆ ಬಾಯಿಗೆ ಬಂತು. ಆದರೆ ಇದನ್ನು ಕೇಳಿ ಎಲ್ಲ ಮರೆವಿಗೂ ಬಿ12 ಇಂಜೆಕ್ಷನ್ ಹಾಕಿಸಲು ಹೊರಡುವುದು ಸರಿಯಲ್ಲ. ಆಲ್‌ಝೈಮರ್ ಇರುವವರಲ್ಲೂ ಬಿ12 ಕಡಿಮೆ ಇರಬಹುದು, ಸರಿಪಡಿಸಬೇಕು, ಆದರೆ ಅದರಿಂದ ಆ ಕಾಯಿಲೆ ವಾಸಿಯಾಗುವುದಿಲ್ಲ. ಕೊರತೆ ಎಷ್ಟು ಕಾಲ ಇತ್ತು ಎಂಬುದರ ಮೇಲೆ ಎಲ್ಲ ನಿಂತಿದೆ. ಕೆಲವು ತಿಂಗಳ ಜೋಮು ಪೂರ್ತಿ ಹೋಗಬಹುದು, ವರ್ಷ ದಾಟಿದ್ದು ಪೂರ್ತಿ ಹೋಗದೇ ಇರಬಹುದು. ದೊಡ್ಡಮ್ಮನ ಪಾದದ ಹೆಬ್ಬೆರಳಿಗೆ ಇವತ್ತಿಗೂ ಟ್ಯೂನಿಂಗ್ ಫೋರ್ಕಿನ ನಡುಕ ತಿಳಿಯುವುದಿಲ್ಲ. ಬಚ್ಚಲಲ್ಲಿ ಗೋಡೆಗೆ ಕಬ್ಬಿಣದ ಹಿಡಿ ಹಾಕಿಸಿದ್ದಾರೆ, ರಾತ್ರಿ ಅಂಗಳದಲ್ಲಿ ಲೈಟ್ ಉರಿಯುತ್ತದೆ. ಆ ಮೂರು ತಿಂಗಳು ಬರೀ ಕಬ್ಬಿಣ, ಫೋಲಿಕ್ ಆಸಿಡ್ ತಿನ್ನುವ ಬದಲು ಆಗಲೇ ಬಿ12 ನೋಡಿದ್ದರೆ ಈ ಹಿಡಿಯ ಅಗತ್ಯ ಬೀಳುತ್ತಿರಲಿಲ್ಲವೇನೋ ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ.

ಈಗ ಅವರು ದಿನಾ ಒಂದು ಸಾವಿರ ಮೈಕ್ರೋಗ್ರಾಂ ಮಾತ್ರೆ ತಿನ್ನುತ್ತಾರೆ. ಬೇಕಾಗಿರುವುದು ಎರಡೂವರೆ, ಸಾವಿರ ಏಕೆ ಎಂದು ಸೊಸೆ ಕೇಳಿದಳು. ಇಂಟ್ರಿನ್ಸಿಕ್ ಫ್ಯಾಕ್ಟರ್ ಒಂದು ಹೊತ್ತಿಗೆ ಎರಡು ಮೈಕ್ರೋಗ್ರಾಂ ಆಸುಪಾಸು ಮಾತ್ರ ಸಾಗಿಸಬಲ್ಲದು. ಉಳಿದದ್ದರಲ್ಲಿ ನೂರಕ್ಕೆ ಒಂದು ಪಾಲು ಯಾರ ಸಹಾಯವೂ ಇಲ್ಲದೆ ಕರುಳಿನಿಂದ ರಕ್ತಕ್ಕೆ ಇಳಿಯುತ್ತದೆ. ಸಾವಿರದಲ್ಲಿ ಹತ್ತು ಸಿಕ್ಕಿತಲ್ಲ, ಅದು ಸಾಕು. ಮಿಕ್ಕಿದ್ದು ಹೊರಗೆ ಹೋಗುತ್ತದೆ. ಬಿ12 ಮಾತ್ರೆಯ ಎರಡು ರೂಪಗಳಲ್ಲಿ ಮೀಥೈಲ್‌ಕೋಬಾಲಮಿನ್ ಒಳ್ಳೆಯದೋ ಸಯನೋಕೋಬಾಲಮಿನ್ ಒಳ್ಳೆಯದೋ ಎಂದು ತಲೆ ಕೆಡಿಸಿಕೊಳ್ಳುವುದು ಬೇಡ. ಬಿಡದೆ ತಿನ್ನುವುದು ಮುಖ್ಯ.

ಆ ಸೊಸೆ ಆಗ ಬಾಣಂತಿ. ಎಂಟು ತಿಂಗಳಿನ ಮಗು ಎದೆಹಾಲಲ್ಲೇ ಬೆಳೆಯುತ್ತಿತ್ತು. ಅವಳಿಗೆ ಜೋಮಿಲ್ಲ, ಸುಸ್ತಿಲ್ಲ, ಹಿಮೋಗ್ಲೋಬಿನ್ 12 ಇತ್ತು. ಆದರೂ ಒಂದೇ ಅಡುಗೆಮನೆಯ ಊಟ ಅಲ್ವಾ ಎಂದು ಅವಳ ರಕ್ತವನ್ನೂ ತೆಗೆಸಿದೆ. ಬಿ12 ಮಟ್ಟ 164 ಬಂತು. ತಾಯಿಯಲ್ಲಿ ಬಿ12 ಕಡಿಮೆ ಇದ್ದರೆ ಎದೆಹಾಲಲ್ಲೂ ಕಡಿಮೆ ಇರುತ್ತದೆ, ಮಗು ಹುಟ್ಟುವಾಗ ತರುವ ದಾಸ್ತಾನೂ ಸಣ್ಣದು. ಅಂಥ ಮಕ್ಕಳು ಕೆಲವು ತಿಂಗಳಿಗೆ ಮಂಕಾಗುತ್ತಾರೆ, ಕಲಿತ ನಗುವನ್ನೂ ಕೂರುವುದನ್ನೂ ಬಿಡುತ್ತಾರೆ, ಕೆಲವರಿಗೆ ಕೈಕಾಲು ನಡುಗಲು ಶುರುವಾಗುತ್ತದೆ. ಅದೇ ವಾರ ಮಕ್ಕಳ ವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಮಗು ಆಟವಾಡುತ್ತಿತ್ತು, ತೂಕ ಸರಿ ಇತ್ತು, ರಕ್ತದಲ್ಲಿ ಮಾತ್ರ ಬಿ12 ಗಡಿಯ ಕೆಳಗಿತ್ತು. ತಾಯಿಗೆ ಮಾತ್ರೆ, ಮಗುವಿಗೆ ಡ್ರಾಪ್ಸ್ ಬರೆದುಕೊಟ್ಟರು.